ವಾರಾಂತ್ಯದ ಗುಡ್ಡ ಸುತ್ತಾಟಕ್ಕೆ ಶೂ, ಬ್ಯಾಗು, ಮಳೆ ಕವರ್: ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬಳ್ಳಾರಿಯ ಒಂದು ಸಣ್ಣ ಗುಂಪು. ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಗುಡ್ಡ ಇಳಿದಿರುತ್ತೇವೆ. ಬೇಸಿಗೆ ಬಿಟ್ಟು ಉಳಿದ ತಿಂಗಳಲ್ಲಿ ಹಿರೇಬೆಣಕಲ್, ಆನೆಗುಂದಿ ಕಡೆ ಹೋಗುತ್ತೇವೆ. ಮಳೆ ಬಿದ್ದ ಮೇಲೆ ಸಂಡೂರು. ಹೊಸದಾಗಿ ಬರುವವರು ಹಿಂದಿನ ದಿನ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ. ಹಿಮಾಲಯಕ್ಕೆ ಹೋಗುವವರಿಗೆ ಬೇಕಾದ್ದು ಇಲ್ಲಿಲ್ಲ. ಒಂದು ದಿನದ, ನಮ್ಮ ಕಡೆಯ ಕಲ್ಲು ಗುಡ್ಡಕ್ಕೆ ಬೇಕಾದ್ದು ಮಾತ್ರ ಇದೆ.

ನಮ್ಮ ಗುಡ್ಡಗಳಿಗೆ ನಿಜವಾಗಲೂ ಬೇರೆ ಶೂ ಬೇಕಾ? ಚಪ್ಪಲಿಯಲ್ಲೇ ಹತ್ತುವವರಿದ್ದಾರಲ್ಲ?

ಯಾವ ಗುಡ್ಡ ಅನ್ನೋದರ ಮೇಲೆ ಹೋಗುತ್ತದೆ. ಅಂಜನಾದ್ರಿಗೆ ಸುಮಾರು 575 ಮೆಟ್ಟಿಲಿವೆ. ಅಲ್ಲಿಗೆ ಮನೆಯಲ್ಲಿರುವ ಯಾವ ಶೂ ಆದರೂ ನಡೆಯುತ್ತದೆ. ಬಳ್ಳಾರಿ ಕೋಟೆ ಗುಡ್ಡವೂ ಹಾಗೇ.

ಹಿರೇಬೆಣಕಲ್ ಬೇರೆ ಮಾತು. ಊರು ದಾಟಿದ ಮೇಲೆ ಮೆಟ್ಟಿಲಿಲ್ಲ. ಕುರುಚಲು, ಗರಸು, ಬಂಡೆಗಳ ಸಂದು, ಮತ್ತೆ ದೊಡ್ಡ ಹಾಸುಗಲ್ಲು. ಹೀಗೆ ನಡೆದೇ ಮೋರೇರ ಗುಡ್ಡದ ಕಲ್ಲುಮನೆಗಳಿಗೆ ಹೋಗಬೇಕು. ಆ ದಾರಿಯಲ್ಲಿ ಶೂ ಎರಡು ಕೆಲಸ ಮಾಡಬೇಕು. ಮೊದಲನೆಯದು, ಕಲ್ಲಿನ ಮೇಲೆ ಹಿಡಿದು ನಿಲ್ಲಬೇಕು. ಎರಡನೆಯದು, ಮುಳ್ಳು ಒಳಗೆ ಬಿಡಬಾರದು. ನಮ್ಮ ಬಳ್ಳಾರಿ ಜಾಲಿ ಮುಳ್ಳು ನಿಮಗೆ ಗೊತ್ತೇ ಇದೆ. ಸೈಕಲ್ ಟೈರು ತೂತು ಮಾಡುವ ಮುಳ್ಳಿಗೆ ರಬ್ಬರ್ ಚಪ್ಪಲಿ ಯಾವ ಲೆಕ್ಕ? ಮೆತ್ತನೆ ಫೋಮಿನ ತೆಳು ಸೋಲ್ ಇರುವ ಓಟದ ಶೂಗಳಲ್ಲೂ ಅದು ನೇರ ಒಳಗೆ ಬರುತ್ತದೆ. ಫೋಮಿನ ಕೆಳಗೆ ಪೂರ್ತಿ ರಬ್ಬರ್ ಹಾಸು ಇರುವ ಶೂನೇ ಬೇಕು. ಅಂಗಡಿಯಲ್ಲಿ ಶೂ ತಿರುಗಿಸಿ ನೋಡಿ. ಕೆಲವದರಲ್ಲಿ ಹಿಮ್ಮಡಿ ಹತ್ತಿರ ಮತ್ತು ಮುಂದೆ ಮಾತ್ರ ರಬ್ಬರ್ ತುಂಡು ಅಂಟಿಸಿ, ನಡುವೆ ಬರೀ ಫೋಮ್ ಬಿಟ್ಟಿರುತ್ತಾರೆ. ಅಂಥದ್ದು ಬೇಡ.

ಗ್ರಿಪ್ ಅಂದ್ರೆ ಸೋಲ್‌ನ ಹಲ್ಲು ದೊಡ್ಡದಿರಬೇಕು ಅಂತ ತಾನೆ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ನಮ್ಮ ಕಡೆಗೆ ಅದು ಅರ್ಧ ಮಾತ್ರ ಸರಿ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಶೂ ಆರಿಸುವಾಗ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ.

ಹಿರೇಬೆಣಕಲ್, ಆನೆಗುಂದಿ ಕಡೆಯದು ಗ್ರಾನೈಟ್. ಅಂಗೈ ಇಟ್ಟು ನೋಡಿ, ಒರಟು ಕಾಗದದ ಹಾಗೆ ತರಿತರಿ ಇರುತ್ತದೆ. ಒಣಗಿದ ಗ್ರಾನೈಟ್ ಮೇಲೆ ರಬ್ಬರ್ ಆ ತರಿಗಳ ಒಳಗೆ ಒತ್ತಿಕೊಂಡು ಕೂರುತ್ತದೆ. ಹಿಡಿತ ಬರುವುದು ಅದರಿಂದ. ಅಂದರೆ ರಬ್ಬರ್ ಮೆತ್ತಗಿರಬೇಕು, ಕಲ್ಲಿಗೆ ತಾಗುವ ಜಾಗ ಜಾಸ್ತಿ ಇರಬೇಕು. ಹಲ್ಲು ದೊಡ್ಡದಾಗಿ, ದೂರ ದೂರ ಇದ್ದರೆ ತಾಗುವ ಜಾಗ ಕಮ್ಮಿ ಆಗುತ್ತದೆ. ಇಳಿಜಾರು ಹಾಸುಗಲ್ಲಿನ ಮೇಲೆ ಅಂಥ ಹಲ್ಲು ಬಾಗಿ ಕಾಲು ಅಲುಗಿದ ಹಾಗೆ ಆಗುತ್ತದೆ. ಇಂಥ ಕಲ್ಲಿಗೆ ಮೂರು ಮಿಲಿಮೀಟರ್ ಆಸುಪಾಸಿನ, ಒತ್ತೊತ್ತಾದ, ಅಗಲ ತಲೆಯ ಹಲ್ಲು ಒಳ್ಳೆಯದು.

ಸಂಡೂರಿನದು ಕಬ್ಬಿಣದ ಅದಿರಿನ ಗುಡ್ಡ, ಕೆಂಪು ಮಣ್ಣು. ಒಣಗಿದ್ದಾಗ ಪುಡಿ ಪುಡಿ. ನೆನೆದರೆ ಶೂಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಅಲ್ಲಿ ಒತ್ತೊತ್ತು ಹಲ್ಲಿನ ಸಂದೆಲ್ಲ ಹತ್ತು ಹೆಜ್ಜೆಗೆ ತುಂಬಿಹೋಗುತ್ತದೆ. ಆಮೇಲೆ ನೀವು ಮಣ್ಣಿನ ಸೋಲ್ ಮೇಲೆ ಮಣ್ಣಿನಲ್ಲಿ ನಡೆಯುತ್ತಿರುತ್ತೀರಿ. ಅಲ್ಲಿ ನಾಲ್ಕೈದು ಮಿಲಿಮೀಟರ್ ಆಳದ, ಬಿಡಿ ಬಿಡಿ ಹಲ್ಲು ಬೇಕು. ಹೆಜ್ಜೆ ಎತ್ತಿದಾಗ ಮಣ್ಣು ತಾನೇ ಉದುರಬೇಕು.

ಒಂದೇ ಜೊತೆ ಕೊಳ್ಳುವುದಾದರೆ ನನ್ನ ಸಲಹೆ ಇದು. ವರ್ಷದಲ್ಲಿ ಯಾವ ಗುಡ್ಡಕ್ಕೆ ಹೆಚ್ಚು ಸಲ ಹೋಗುತ್ತೀರಿ ಅಂತ ಎಣಿಸಿ. ನಮ್ಮಲ್ಲಿ ಹೆಚ್ಚಿನವರಿಗೆ ಹತ್ತರಲ್ಲಿ ಎಂಟು ಸಲ ಒಣ ಗ್ರಾನೈಟೇ. ಹಾಗಾಗಿ ಒತ್ತು ಹಲ್ಲು, ಮೆತ್ತನೆ ರಬ್ಬರ್ ಆರಿಸಿ. ಸಂಡೂರಿನ ಕೆಸರಿನಲ್ಲಿ ಆಗಾಗ ನಿಂತು ಕಡ್ಡಿಯಲ್ಲಿ ಸೋಲ್ ಕೆರೆದುಕೊಳ್ಳಿ.

ಇನ್ನೊಂದು ಮಾತು. ನಮ್ಮ ಬಂಡೆಗಳ ಮೇಲೆ ಜಾರುವುದು ಬಹಳ ಸಲ ಬಂಡೆಯಿಂದ ಅಲ್ಲ, ಅದರ ಮೇಲೆ ಹರಡಿದ ಗರಸಿನಿಂದ. ಕಡಲೆ ಕಾಳಿನಷ್ಟು ಕಲ್ಲುಗಳು ಕಾಲಡಿ ಉರುಳುತ್ತವೆ. ಅದಕ್ಕೆ ಎಷ್ಟು ದುಬಾರಿ ಶೂ ಆದರೂ ಉತ್ತರ ಇಲ್ಲ. ಇಡೀ ಪಾದ ಊರಿ, ಸಣ್ಣ ಹೆಜ್ಜೆ ಇಟ್ಟು ಇಳಿಯಬೇಕು. ಹಾಗೇ ಬಂಡೆಯ ಮೇಲಿಂದ ಕೆಳಗೆ ಕಪ್ಪು ಪಟ್ಟೆ ಇಳಿದಿರುವುದು ನೋಡಿರಬಹುದು. ಅದು ಮಳೆ ನೀರು ಹರಿಯುವ ಜಾಡು, ಪಾಚಿ ಒಣಗಿ ಕಪ್ಪಾಗಿರುತ್ತದೆ. ಒಣಗಿದ್ದಾಗ ಏನೂ ಆಗುವುದಿಲ್ಲ. ನಾಲ್ಕು ಹನಿ ಬಿದ್ದರೆ ಸಾಕು, ಸೋಪು ಸವರಿದ ಹಾಗೆ. ಮಳೆ ಬಂದಾಗ ಕಪ್ಪು ಪಟ್ಟೆ ಬಿಟ್ಟು ಬಿಳಿ ಕಲ್ಲಿನ ಮೇಲೆ ಕಾಲಿಡಿ.

ಅಂಗಡಿಯಲ್ಲಿ ನಿಂತು ರಬ್ಬರ್ ಒಳ್ಳೆಯದು ಅಂತ ಹೇಗೆ ತಿಳಿಯೋದು?

ಹೆಬ್ಬೆರಳಿನ ಉಗುರಿನಿಂದ ಸೋಲ್‌ನ ಹಲ್ಲನ್ನು ಒತ್ತಿ. ಉಗುರು ಸ್ವಲ್ಪ ಒಳಗೆ ಹೋಗಿ, ತೆಗೆದ ಮೇಲೆ ಗುರುತು ಮಾಯವಾದರೆ ರಬ್ಬರ್ ಮೆತ್ತಗಿದೆ. ಉಗುರು ಜಾರಿದರೆ, ಪ್ಲಾಸ್ಟಿಕ್ ಮುಟ್ಟಿದ ಹಾಗಾದರೆ, ಅದು ಗಟ್ಟಿ. ಗಟ್ಟಿ ಸೋಲ್ ಜಾಸ್ತಿ ದಿನ ಬಾಳುತ್ತದೆ ನಿಜ, ಆದರೆ ಕಲ್ಲಿನ ಮೇಲೆ ಜಾರುತ್ತದೆ. ಆಮೇಲೆ ಅದೇ ಶೂವನ್ನು ಅಂಗಡಿಯ ನುಣುಪಾದ ಟೈಲ್ಸ್ ಮೇಲಿಟ್ಟು ಕೈಯಿಂದ ಒತ್ತಿ ಮುಂದಕ್ಕೆ ತಳ್ಳಿ. ಎರಡು ಮೂರು ಜೊತೆಗೆ ಹೀಗೆ ಮಾಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹೊಚ್ಚ ಹೊಸ ಸೋಲ್ ಮೇಲೆ ಅಚ್ಚಿನಿಂದ ಬಂದ ತೆಳು ಹೊಳಪು ಇರುತ್ತದೆ. ಅದು ಸವೆಯುವ ತನಕ ಯಾವ ಶೂನೂ ಸ್ವಲ್ಪ ಜಾರುತ್ತದೆ. ಅದಕ್ಕೇ ಹೊಸ ಶೂ ಹಾಕಿಕೊಂಡು ನೇರ ಗುಡ್ಡಕ್ಕೆ ಬರಬೇಡಿ. ಒಂದು ವಾರ ಬೀದಿಯಲ್ಲಿ ನಡೆಯಿರಿ.

ಸೈಜು ಎಷ್ಟು ತಗೋಬೇಕು? ದಿನದ ಶೂ ಏಳು, ಅದೇ ಸಾಕಲ್ವಾ?

ಸಾಮಾನ್ಯವಾಗಿ ಸಾಲುವುದಿಲ್ಲ. ನನ್ನನ್ನು ಕೇಳಿದರೆ ಗ್ರಿಪ್‌ಗಿಂತ ಮೊದಲು ನೋಡಬೇಕಾದ್ದು ಇದು. ಗ್ರಿಪ್ ಕಮ್ಮಿ ಇದ್ದರೆ ಹುಷಾರಾಗಿ ನಡೆಯಬಹುದು. ಬೆರಳಿಗೆ ಶೂ ತಾಗುತ್ತಿದ್ದರೆ ನಡೆಯಲಿಕ್ಕೇ ಆಗುವುದಿಲ್ಲ.

ಹತ್ತುವಾಗ ಯಾರಿಗೂ ಗೊತ್ತಾಗುವುದಿಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಪಾದ ಶೂ ಒಳಗೆ ಮುಂದಕ್ಕೆ ಜಾರುತ್ತದೆ. ಮುಂದೆ ಜಾಗ ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಸಾವಿರಾರು ಸಲ ಗೋಡೆಗೆ ಗುದ್ದಿದ ಹಾಗೆ ಆಗುತ್ತದೆ. ಮಾರನೇ ದಿನ ಉಗುರು ಕಪ್ಪಾಗುತ್ತದೆ, ತಿಂಗಳಲ್ಲಿ ಕಳಚಿ ಬೀಳುತ್ತದೆ. ಅದರ ಮೇಲೆ ನಮ್ಮ ಬಿಸಿಲು ಬೇರೆ. ಎರಡು ಗಂಟೆ ನಡೆದರೆ ಪಾದ ಊದಿಕೊಳ್ಳುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಗುಂಪಿಗೆ ರಾಯಚೂರಿನಿಂದ ಬರುವ ಅಕ್ಕ ಒಬ್ಬರಿದ್ದಾರೆ. ದಿನದ ಶೂ ಆರನೇ ನಂಬರು. ಸಂಜೆ ಆರು ಗಂಟೆಗೆ, ಇಡೀ ದಿನ ಓಡಾಡಿದ ಮೇಲೆ, ಅವರ ಪಾದ ಅಳೆದೆವು. ನೆಲದ ಮೇಲೆ ಹಾಳೆ ಇಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ, ಎದ್ದು ನಿಂತು, ಉದ್ದ ಬೆರಳಿನ ತುದಿಗೆ ಪೆನ್ಸಿಲ್ ನೆಟ್ಟಗೆ ಹಿಡಿದು ಗೀಟು ಹಾಕಿದೆವು. ಬಲಗಾಲು 24.3 ಸೆಂಟಿಮೀಟರ್, ಎಡಗಾಲು 24.7. ಎರಡು ಕಾಲು ಒಂದೇ ಅಳತೆ ಇರುವುದು ಅಪರೂಪ. ದೊಡ್ಡ ಕಾಲಿಗೇ ಶೂ ಕೊಳ್ಳಬೇಕು.

ಇಳಿಜಾರಿಗೆ ಮುಂದೆ ಒಂದು ಸೆಂಟಿಮೀಟರ್ ಬಿಡುವು ಬೇಕು. ಹಾಗಾದರೆ ಒಳಗಿನ ಉದ್ದ 25.7 ಆದರೂ ಇರಬೇಕು. ಅಂಗಡಿಯಲ್ಲಿ ಡಬ್ಬಿ ಮೇಲಿನ ನಂಬರು ನೋಡಲಿಲ್ಲ. ಕೆಲವು ಡಬ್ಬಿಗಳಲ್ಲಿ ಸೆಂಟಿಮೀಟರ್ ಅಂತ ಬರೆದದ್ದು ಪಾದದ ಉದ್ದ, ಕೆಲವದರಲ್ಲಿ ಶೂ ಒಳಗಿನ ಉದ್ದ. ಅದಕ್ಕೆ ಶೂ ಒಳಗಿನ ಇನ್‌ಸೋಲ್ ಹೊರಗೆ ಎಳೆದು ಅದರ ಮೇಲೇ ನಿಲ್ಲಿಸಿದೆವು. ಆರನೇ ನಂಬರಿನ ಇನ್‌ಸೋಲ್‌ನಲ್ಲಿ ಎಡ ಹೆಬ್ಬೆರಳಿನ ಮುಂದೆ ಆರು ಮಿಲಿಮೀಟರ್ ಉಳಿಯಿತು. ಜೊತೆಗೆ ಕಿರುಬೆರಳಿನ ಬದಿಯ ಪಾದ ಇನ್‌ಸೋಲ್ ಅಂಚು ದಾಟಿ ಹೊರಗಿತ್ತು. ಇಂಗ್ಲೆಂಡ್ ಅಳತೆಯಲ್ಲಿ ಅರ್ಧ ನಂಬರು ಅಂದರೆ ಸುಮಾರು ನಾಲ್ಕು ಮಿಲಿಮೀಟರ್. ಆರೂವರೆ ತೆಗೆದಾಗ ಒಂದು ಸೆಂಟಿಮೀಟರ್ ಸರಿಯಾಗಿ ಸಿಕ್ಕಿತು. ಆದರೆ ಅಗಲ ಇನ್ನೂ ಸಾಲದು. ಆ ಮಾದರಿಯೇ ಕಿರಿದು. ಅದನ್ನು ಬಿಟ್ಟು ಮುಂಭಾಗ ಅಗಲ ಇರುವ ಬೇರೆ ಮಾದರಿಯಲ್ಲಿ ಆರೂವರೆ ಹಾಕಿಸಿದೆವು. ಬೆರಳುಗಳು ಒಳಗೆ ಹರಡಿ ಕೂತವು. ಅಗಲ ಸಾಲದಾಗ ಬಹಳ ಜನ ಇನ್ನೊಂದು ನಂಬರು ದೊಡ್ಡದು ಕೊಳ್ಳುತ್ತಾರೆ. ಆಗ ಉದ್ದ ಜಾಸ್ತಿಯಾಗಿ ಹಿಮ್ಮಡಿ ಕುಣಿಯುತ್ತದೆ. ಅಗಲದ ತೊಂದರೆಗೆ ಅಗಲದ ಮಾದರಿಯೇ ಮದ್ದು.

ಕೊನೆಗೆ ಇಳಿಜಾರು ನೋಡಬೇಕು. ಗುಡ್ಡಕ್ಕೆ ಹಾಕುವ ಸಾಕ್ಸೇ ಹಾಕಿಕೊಂಡು ಹೋಗಿ. ಅಂಗಡಿಯ ಮೆಟ್ಟಿಲು ಬಿರುಸಾಗಿ ಇಳಿಯಿರಿ. ಮೆಟ್ಟಿಲಿನ ಅಂಚಿನಲ್ಲಿ ಕಾಲು ಕೆಳಮುಖ ಮಾಡಿ ನಿಂತು ಎರಡು ಸಲ ಒದೆಯಿರಿ. ಬೆರಳು ಮುಂದೆ ತಾಗಿದರೆ ಆ ಶೂ ವಾಪಸ್ ಇಡಿ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂತ ಮಾರುವವರು ಹೇಳುತ್ತಾರೆ. ಅಗಲ ಒಂದಿಷ್ಟು ಸಡಿಲ ಆಗಬಹುದು. ಉದ್ದ ಯಾವತ್ತೂ ಆಗುವುದಿಲ್ಲ.

ಉದ್ದ ಸರಿ ಇದೆ, ಆದರೆ ಹಿಮ್ಮಡಿ ಎದ್ದೇಳುತ್ತದೆ. ಏನು ಮಾಡಲಿ?

ಸ್ವಲ್ಪ ಎದ್ದರೆ ಚಿಂತೆ ಇಲ್ಲ, ಲೇಸಿನಲ್ಲಿ ಸರಿಹೋಗುತ್ತದೆ. ಶೂನ ತೀರಾ ಮೇಲೆ, ಉಳಿದ ತೂತುಗಳ ಸಾಲಿನಿಂದ ಸ್ವಲ್ಪ ಹಿಂದೆ, ಎಲ್ಲರೂ ಖಾಲಿ ಬಿಡುವ ಒಂದು ತೂತು ಇರುತ್ತದೆ. ಲೇಸನ್ನು ಕೆಳಗಿನ ತೂತಿನಿಂದ ಅದೇ ಬದಿಯ ಆ ತೂತಿಗೆ ಹಾಕಿ ಒಂದು ಸಣ್ಣ ಕುಣಿಕೆ ಬಿಡಿ. ಎರಡೂ ಬದಿ ಹೀಗೆ ಮಾಡಿ. ಬಲದ ಲೇಸನ್ನು ಎಡದ ಕುಣಿಕೆಯೊಳಗೆ, ಎಡದ್ದನ್ನು ಬಲದ ಕುಣಿಕೆಯೊಳಗೆ ತೂರಿಸಿ ಕೆಳಮುಖವಾಗಿ ಎಳೆಯಿರಿ. ಹಿಮ್ಮಡಿ ಹಿಂದಕ್ಕೆ ಹೋಗಿ ಕೂರುತ್ತದೆ.

ಕಟ್ಟುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ತಟ್ಟಿ. ಹತ್ತುವಾಗ ಸ್ವಲ್ಪ ಸಡಿಲ ಇರಲಿ. ಮೇಲೆ ಹೋಗಿ ಕೂತು ತಿಂದಾದ ಮೇಲೆ, ಇಳಿಯಲು ಶುರು ಮಾಡುವ ಮುಂಚೆ, ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿ. ಈ ಎರಡು ನಿಮಿಷ ಉಗುರು ಉಳಿಸುತ್ತದೆ. ಇಷ್ಟು ಮಾಡಿದ ಮೇಲೂ ಹಿಮ್ಮಡಿ ಉಜ್ಜುತ್ತಿದ್ದರೆ ಆ ಶೂನ ಹಿಂಭಾಗ ನಿಮ್ಮ ಕಾಲಿಗೆ ಅಲ್ಲ.

ಕಾಲಿನ ಗಿಣ್ಣು ಮುಚ್ಚುವ ಎತ್ತರದ ಶೂ ತಗೊಳ್ಲಾ?

ಒಂದು ದಿನದ ನಡಿಗೆಗೆ, ಆರೇಳು ಕಿಲೋ ಹೊರೆಗೆ, ನಮ್ಮ ಬಿಸಿಲಿಗೆ ತಗ್ಗು ಶೂ ಸಾಕು. ಬಂಡೆಯಿಂದ ಬಂಡೆಗೆ ಕಾಲಿಡುವಾಗ ಗಿಣ್ಣು ಬಾಗಬೇಕು. ಎತ್ತರದ ಶೂ ಗಾಳಿಯಾಡಲು ಬಿಡುವುದಿಲ್ಲ, ತೂಕವೂ ಜಾಸ್ತಿ. ಈ ಹಿಂದೆ ಗಿಣ್ಣು ಉಳುಕಿದವರಿಗೆ ಅದರಿಂದ ಧೈರ್ಯ ಸಿಗಬಹುದು, ಅಂಥವರು ಹಾಕಿಕೊಳ್ಳಲಿ. ಮಳೆಗಾಲ ಮುಗಿದ ಮೇಲೆ ಹುಲ್ಲಿನ ಮುಳ್ಳು ಸಾಕ್ಸಿಗೆ ಚುಚ್ಚಿಕೊಳ್ಳುತ್ತದೆ ಅಂತ ಎತ್ತರದ ಶೂ ಕೇಳುವವರೂ ಇದ್ದಾರೆ. ಅದಕ್ಕೆ ಪ್ಯಾಂಟಿನ ಅಂಚನ್ನು ಶೂ ಮೇಲೆ ಇಳಿಬಿಟ್ಟು ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು.

ವಾಟರ್‌ಪ್ರೂಫ್ ಶೂಗೆ ಜಾಸ್ತಿ ದುಡ್ಡು ಕೊಡಬೇಕಾ?

ನಮ್ಮ ಮೂರು ಜಿಲ್ಲೆಗೆ ಬೇಡ ಅಂತಲೇ ಹೇಳುತ್ತೇನೆ. ವರ್ಷದ ಹೆಚ್ಚಿನ ದಿನ ಒಣ ಹವೆ. ನೀರು ಬಿಡದ ಪದರ ಬೆವರನ್ನೂ ಸಲೀಸಾಗಿ ಬಿಡುವುದಿಲ್ಲ. ಬಿಸಿಲಲ್ಲಿ ಪಾದ ಒಳಗೇ ಬೇಯುತ್ತದೆ, ನೆನೆದ ಚರ್ಮದಲ್ಲಿ ಬೇಗ ಬೊಬ್ಬೆ ಏಳುತ್ತದೆ. ಜೋರು ಮಳೆಯಲ್ಲಿ ನೀರು ಶೂನ ಮೇಲ್ಬಾಯಿಂದ, ಪ್ಯಾಂಟಿನಿಂದ ಇಳಿದು ಒಳಗೆ ಬಂದರೆ ಹೊರಗೆ ಹೋಗಲು ದಾರಿ ಇಲ್ಲ. ಜಾಲರಿ ಬಟ್ಟೆಯ ಶೂ ಒದ್ದೆಯಾದರೂ ಗಂಟೆ ಎರಡು ಗಂಟೆ ನಡೆದರೆ ತಕ್ಕಮಟ್ಟಿಗೆ ಒಣಗುತ್ತದೆ. ಒಂದು ಜೊತೆ ಒಣ ಸಾಕ್ಸ್ ಬ್ಯಾಗಿನಲ್ಲಿರಲಿ.

ಬೀರುವಿನಲ್ಲಿ ನಾಲ್ಕೈದು ವರ್ಷದ ಹಳೇ ಟ್ರೆಕ್ಕಿಂಗ್ ಶೂ ಇದೆ. ಹಾಕಿದ್ದೇ ಕಮ್ಮಿ. ಅದೇ ಹಾಕಿಕೊಂಡು ಬರಬಹುದಾ?

ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ.

ನನ್ನ ಒಂದು ಜೊತೆ ಹೊಸದರ ಹಾಗೇ ಕಾಣುತ್ತಿತ್ತು. ಡಬ್ಬಿಯಲ್ಲೇ ಇಟ್ಟಿದ್ದೆ. ಹಿರೇಬೆಣಕಲ್‌ನಲ್ಲಿ ಕಲ್ಲುಮನೆಗಳ ಹತ್ತಿರ ತಲುಪುವ ಹೊತ್ತಿಗೆ ಬಲಗಾಲಿನಲ್ಲಿ ಏನೋ ಪಟಪಟ ಅನ್ನುತ್ತಿತ್ತು. ನೋಡಿದರೆ ಸೋಲ್ ಹಿಮ್ಮಡಿಯಿಂದ ಬಿಟ್ಟು ನಾಲಿಗೆಯ ಹಾಗೆ ಜೋತಾಡುತ್ತಿದೆ. ಅಂಟು ಬಿಟ್ಟದ್ದಷ್ಟೇ ಅಲ್ಲ, ನಡುವಿನ ಪದರವೇ ಒಣ ರೊಟ್ಟಿ ಮುರಿದ ಹಾಗೆ ಚೂರು ಚೂರಾಗಿ ಉದುರುತ್ತಿತ್ತು. ಅರ್ಧ ಗಂಟೆಗೆ ಎಡಗಾಲಿನದೂ ಅದೇ ಕಥೆ. ಇಬ್ಬರ ಲೇಸು ಬಿಚ್ಚಿ ಸೋಲ್ ಸುತ್ತ ಕಟ್ಟಿಕೊಂಡು ಇಳಿದೆ. ಗರಸಿನ ಮೇಲೆ ಲೇಸು ಎರಡು ಸಲ ಹರಿಯಿತು. ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ಅಂದು ಗುಂಪಿನ ಎಲ್ಲರೂ ನನಗಾಗಿ ಬಿಸಿಲಲ್ಲಿ ಕಾದರು, ಅದು ಈಗಲೂ ನೋವು ಕೊಡುತ್ತದೆ.

ಕಾರಣ ಇದು. ಬಹಳ ಟ್ರೆಕ್ಕಿಂಗ್ ಶೂಗಳ ನಡು ಪದರ ಪಾಲಿಯುರಿಥೇನ್‌ನದು. ಗಾಳಿಯಲ್ಲಿರುವ ತೇವ ವರ್ಷಗಟ್ಟಲೆ ಅದರೊಳಗೆ ಸೇರಿ ಅದನ್ನು ನಿಧಾನವಾಗಿ ಒಡೆಯುತ್ತದೆ. ಸೆಖೆ ಇದ್ದರೆ ಇನ್ನೂ ಬೇಗ. ಹಾಕದೇ ಇಟ್ಟರೂ ಇದು ನಿಲ್ಲುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಇನ್ನೂ ಜಾಸ್ತಿ. ನಡು ಪದರದ ಬದಿಯಲ್ಲಿ ಕೂದಲೆಳೆ ಬಿರುಕು ಕಂಡರೆ, ಒತ್ತಿದಾಗ ಪುಡಿ ಬಂದರೆ, ಅಥವಾ ಅಂಟಂಟಾಗಿದ್ದರೆ ಅದನ್ನು ಗುಡ್ಡಕ್ಕೆ ತರಬೇಡಿ. ನೋಡಲು ಸರಿ ಇದ್ದರೂ ಮೊದಲು ಊರೊಳಗೆ ಎರಡು ಮೂರು ಗಂಟೆ ಓಡಾಡಿ. ಒಡೆಯುವುದಿದ್ದರೆ ಮನೆ ಹತ್ತಿರವೇ ಒಡೆಯಲಿ. ಅಂದಿನಿಂದ ನನ್ನ ಬ್ಯಾಗಿನಲ್ಲಿ ನಾಲ್ಕು ಮೀಟರ್ ನೈಲಾನ್ ದಾರ ಇದ್ದೇ ಇರುತ್ತದೆ. ನೀರಿನ ಬಾಟಲಿಗೆ ಅಗಲ ಟೇಪನ್ನೂ ನಾಲ್ಕು ಸುತ್ತು ಸುತ್ತಿಟ್ಟಿದ್ದೇನೆ.

ಬ್ಯಾಗು ಎಷ್ಟು ಲೀಟರಿನದು ಬೇಕು?

20ರಿಂದ 25 ಲೀಟರ್. ಸುಮ್ನೆ ಬಾಯಿಗೆ ಬಂದ ಸಂಖ್ಯೆ ಅಲ್ಲ, ಲೆಕ್ಕ ಹಾಕೋಣ.

ನಮ್ಮ ಕಡೆ ಬ್ಯಾಗಿನಲ್ಲಿ ಮೊದಲ ಜಾಗ ನೀರಿಗೆ. ಬಂಡೆ ಗುಡ್ಡದ ಮೇಲೆ ಕುಡಿಯುವ ನೀರು ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಒಬ್ಬರಿಗೆ ಮೂರು ಲೀಟರ್ ಬೇಕು, ಅದು ಮೂರು ಕಿಲೋ ತೂಕ. ಬಾಟಲಿ ಸಮೇತ ಮೂರೂವರೆ ಲೀಟರ್ ಜಾಗ. ರೊಟ್ಟಿ, ಶೇಂಗಾ ಚಟ್ನಿ, ಹಣ್ಣು, ಮಂಡಕ್ಕಿ ಸೇರಿ ಮೂರು ಲೀಟರ್. ಮಳೆ ಜಾಕೆಟ್ ಒಂದೂವರೆ. ಟವೆಲ್, ಒಂದು ಅಂಗಿ, ಸಾಕ್ಸ್ ಮೂರು. ಔಷಧಿ, ಟಾರ್ಚ್, ಪವರ್ ಬ್ಯಾಂಕ್ ಒಂದೂವರೆ. ವಾಪಸ್ ಬರುವಾಗ ಗಾಡಿಯಲ್ಲಿ ಹಾಕಲು ಚಪ್ಪಲಿ ಎರಡು. ಒಟ್ಟು ಹದಿನಾಲ್ಕೂವರೆ ಲೀಟರ್. ಬೆಳಿಗ್ಗೆ ಮಡಚಿಟ್ಟಷ್ಟು ಅಚ್ಚುಕಟ್ಟಾಗಿ ಗುಡ್ಡದ ಮೇಲೆ ಯಾರೂ ಮಡಚುವುದಿಲ್ಲ, ಹಾಗಾಗಿ ಕಾಲು ಭಾಗ ಖಾಲಿ ಇರಬೇಕು. 20 ಲೀಟರ್ ಒಬ್ಬರಿಗೆ ಸರಿ. ಮಗುವಿನ ಸಾಮಾನೂ ನೀವೇ ಹೊರುವುದಾದರೆ 25.

ತೂಕ ಬ್ಯಾಗು ಸೇರಿ ಏಳು ಕಿಲೋ ಹತ್ತಿರ ಆಗುತ್ತದೆ. ನೀರು ಕುಡಿದು, ಊಟ ಮುಗಿಸಿ ಇಳಿಯುವ ಹೊತ್ತಿಗೆ ಮೂರು ನಾಲ್ಕು ಕಿಲೋ.

"ಮುಂದೆ ಬೇಕಾಗಬಹುದು" ಅಂತ 45, 50 ಲೀಟರಿನದು ಕೊಳ್ಳುವವರಿದ್ದಾರೆ. ಅರ್ಧ ಖಾಲಿ ದೊಡ್ಡ ಬ್ಯಾಗಿನಲ್ಲಿ ಬಾಟಲಿಗಳು ತಳಕ್ಕೆ ಬಿದ್ದು, ಬಂಡೆ ಹಾರುವಾಗ ಆಚೆ ಈಚೆ ಓಲಾಡುತ್ತವೆ. ಸಂದಿನಲ್ಲಿ ನುಸುಳುವಾಗ ಅದು ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಯಾವ ಬ್ಯಾಗಾದರೂ ನೀರನ್ನು ಬೆನ್ನಿಗೆ ಅಂಟಿಕೊಂಡು, ಬೆನ್ನಿನ ನಡುಭಾಗಕ್ಕೆ ಬರುವಂತೆ ಇಡಿ. ಕೆಳಗೆ ಬಟ್ಟೆ, ಹೊರಬದಿಗೆ ಊಟ.

ಬ್ಯಾಗು ನನ್ನ ಬೆನ್ನಿಗೆ ಹೊಂದುತ್ತದಾ ಅಂತ ಹೇಗೆ ನೋಡೋದು?

ನಿಮ್ಮ ಎತ್ತರ ಮುಖ್ಯ ಅಲ್ಲ, ಬೆನ್ನಿನ ಉದ್ದ ಮುಖ್ಯ. ತಲೆ ಮುಂದೆ ಬಗ್ಗಿಸಿ, ಕತ್ತಿನ ಬುಡದಲ್ಲಿ ಒಂದು ಮೂಳೆ ಎದ್ದು ಕೈಗೆ ಸಿಗುತ್ತದೆ. ಅಲ್ಲಿಂದ ಶುರು. ಎರಡೂ ಕೈ ಸೊಂಟದ ಮೇಲಿಟ್ಟು, ಸೊಂಟದ ಮೂಳೆಯ ಮೇಲಂಚು ಹುಡುಕಿ, ಹೆಬ್ಬೆರಳು ಹಿಂದಕ್ಕೆ ಚಾಚಿ. ಎರಡೂ ಹೆಬ್ಬೆರಳು ಸೇರುವ ಗೀಟಿಗೆ ಮುಗಿಯಿತು. ಈ ಎರಡರ ನಡುವಿನ ಉದ್ದವನ್ನು ಟೇಲರ್ ಟೇಪಿನಿಂದ ಇನ್ನೊಬ್ಬರು ಅಳೆಯಬೇಕು. ರಾಯಚೂರಿನ ಅಕ್ಕನದು 41 ಸೆಂಟಿಮೀಟರ್. ಅವರಿಗಿಂತ ಒಂದು ಗೇಣು ಎತ್ತರದ ನಮ್ಮ ಹುಡುಗನದು 43 ಮಾತ್ರ. ಅವನ ಎತ್ತರ ಎಲ್ಲ ಕಾಲಿನಲ್ಲಿದೆ.

ಸಣ್ಣ ಬ್ಯಾಗುಗಳಲ್ಲಿ ಸಾಮಾನ್ಯವಾಗಿ ಉದ್ದ ಹೊಂದಿಸಲು ಬರುವುದಿಲ್ಲ. ಹಾಗಾಗಿ ಹಾಕಿಯೇ ನೋಡಬೇಕು. ಖಾಲಿ ಬ್ಯಾಗು ಎಲ್ಲರಿಗೂ ಚೆನ್ನಾಗೇ ಕೂರುತ್ತದೆ. ಐದು ಕಿಲೋ ಅಕ್ಕಿ ಚೀಲ ಜೊತೆಗೆ ಒಯ್ಯಿರಿ, ಇಲ್ಲವೇ ಅಂಗಡಿಯವರಲ್ಲಿ ಏನಾದರೂ ಭಾರ ಕೇಳಿ. ಎಲ್ಲ ಪಟ್ಟಿ ಸಡಿಲ ಬಿಟ್ಟು ಹಾಕಿಕೊಳ್ಳಿ. ಮೊದಲು ಸೊಂಟದ ಪಟ್ಟಿ ಕಟ್ಟಿ. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು. ಆಮೇಲೆ ಭುಜದ ಪಟ್ಟಿ ಎಳೆಯಿರಿ. ಕೊನೆಗೆ ಎದೆಯ ಪಟ್ಟಿ, ಉಸಿರು ಪೂರ್ತಿ ಎಳೆದಾಗ ಬಿಗಿಯದಷ್ಟು.

ಈಗ ಹತ್ತು ನಿಮಿಷ ನಡೆಯಿರಿ. ಭುಜದ ಪಟ್ಟಿ ಮತ್ತು ಭುಜದ ನಡುವೆ ಸಂದು ಕಂಡರೆ ಬ್ಯಾಗು ನಿಮಗೆ ಉದ್ದ. ಸೊಂಟದ ಪಟ್ಟಿ ಹೊಕ್ಕುಳ ಮಟ್ಟಕ್ಕೆ ಬಂದರೆ ಗಿಡ್ಡ. ಕೆಳಗೆ ಬಗ್ಗಿ ಶೂ ಲೇಸು ಮುಟ್ಟಿ ನೋಡಿ, ಬ್ಯಾಗು ಸರಿದು ತಲೆಗೆ ಬಡಿದರೆ ಬಂಡೆ ಇಳಿಯುವಾಗಲೂ ಬಡಿಯುತ್ತದೆ. ಹೆಣ್ಣುಮಕ್ಕಳು ಭುಜದ ಪಟ್ಟಿಯ ವಂಕಿಯನ್ನು ವಿಶೇಷವಾಗಿ ನೋಡಬೇಕು. ನೇರ ಪಟ್ಟಿ ಎದೆಯ ಬದಿ ಒತ್ತಿ ಕಂಕುಳಲ್ಲಿ ಉಜ್ಜುತ್ತದೆ. ಎಸ್ ಆಕಾರದ ಪಟ್ಟಿ ಇರುವ ಬ್ಯಾಗು ಕೇಳಿ.

ಬೆನ್ನಿಗೆ ಜಾಲರಿ ಇದ್ದು ಗಾಳಿಯಾಡುವ ಬ್ಯಾಗು ನಮ್ಮ ಸೆಖೆಗೆ ಹಿತ. ಆದರೆ ಜಾಲರಿಗಾಗಿ ಒಳಗಿನ ಗೋಡೆ ವಂಕಿಯಾಗಿರುತ್ತದೆ, ಊಟದ ಡಬ್ಬಿ ಸರಿಯಾಗಿ ಕೂರುವುದಿಲ್ಲ. ಡಬ್ಬಿ ತಗೊಂಡೇ ಅಂಗಡಿಗೆ ಹೋಗಿ.

ಕಾಲೇಜು ಬ್ಯಾಗಿನಲ್ಲೇ ನಡೆಯುತ್ತಾ?

ಮೊದಲ ಎರಡು ಮೂರು ಸಲಕ್ಕೆ ನಡೆಯುತ್ತದೆ. ಪಟ್ಟಿ ಮೂರು ಬೆರಳಿನಷ್ಟಾದರೂ ಅಗಲ ಇರಲಿ, ಎದೆಗೆ ಒಂದು ದಾರ ಕಟ್ಟಿಕೊಳ್ಳಿ. ಪಟ್ಟಿ ಬ್ಯಾಗಿಗೆ ಸೇರುವ ಹೊಲಿಗೆ ನೋಡಿ. ನೀರಿನ ಭಾರಕ್ಕೆ ಹರಿಯುವುದು ಅಲ್ಲೇ. ಚಮ್ಮಾರರ ಹತ್ತಿರ ಎರಡು ಹೊಲಿಗೆ ಜಾಸ್ತಿ ಹಾಕಿಸಿಕೊಂಡರೆ ಒಳ್ಳೆಯದು.

ಮಳೆ ಕವರ್ ಹಾಕಿದರೂ ಒಳಗೆಲ್ಲ ನೆನೆಯಿತು. ಕವರ್ ಕೆಟ್ಟದಾ?

ಇರಬಹುದು. ಆದರೆ ಹೆಚ್ಚಿನ ಸಲ ಕವರಿನದು ತಪ್ಪಲ್ಲ. ಕವರ್ ಮುಚ್ಚುವುದು ಬ್ಯಾಗಿನ ಹೊರಬದಿ ಮಾತ್ರ. ಬೆನ್ನಿನ ಬದಿ ತೆರೆದೇ ಇರುತ್ತದೆ. ಮಳೆ ನಿಮ್ಮ ತಲೆ, ಕತ್ತಿನಿಂದ ಇಳಿದು, ಬೆನ್ನು ಮತ್ತು ಬ್ಯಾಗಿನ ನಡುವೆ ಹರಿದು, ಬೆನ್ನಿನ ಮೆತ್ತೆಯಿಂದ ಒಳಗೆ ಹೋಗುತ್ತದೆ. ಇಳಿದ ನೀರು ಕವರಿನ ತಳದಲ್ಲಿ ತೊಟ್ಟಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಬ್ಯಾಗಿನ ತಳ ಅದರಲ್ಲೇ ಕೂತಿರುತ್ತದೆ. ಮಳೆ ನಿಂತ ಮೇಲೆ ಕವರಿನ ತಳ ಅದುಮಿ ನೋಡಿ, ಅರ್ಧ ಲೋಟ ನೀರು ಬಂದರೂ ಆಶ್ಚರ್ಯವಿಲ್ಲ. ತಳದಲ್ಲಿ ನೀರು ಹೋಗಲು ಸಣ್ಣ ತೂತು ಇರುವ ಕವರ್ ಕೊಳ್ಳಬೇಕು ಅನ್ನೋದು ಇದಕ್ಕೇ.

ಆದ್ದರಿಂದ ಕವರ್ ಒಂದನ್ನೇ ನಂಬಬೇಡಿ. ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಬಟ್ಟೆ, ಔಷಧಿ, ಫೋನು ಇಟ್ಟು, ಬಾಯಿ ಮೂರು ಸುತ್ತು ತಿರುಚಿ ಮಡಚಿ. ಒಳಗಿನ ಚೀಲ ಸಾಮಾನು ಕಾಯುತ್ತದೆ. ಹೊರಗಿನ ಕವರ್ ಬ್ಯಾಗು ನೀರು ಹೀರಿ ಭಾರ ಆಗದಂತೆ ಕಾಯುತ್ತದೆ. ಮಳೆಯಲ್ಲಿ ಹೊಲಕ್ಕೆ ಹೋಗುವವರು ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಳ್ಳುತ್ತಾರಲ್ಲ, ಆ ಚೀಲದ ಒಳಪದರದಷ್ಟು ದಪ್ಪ ಇದ್ದರೆ ಸಾಕು. ಗೊಬ್ಬರ ತುಂಬಿದ್ದನ್ನೇ ಬಳಸಬೇಡಿ, ಊಟದ ಡಬ್ಬಿ ಇರುತ್ತದೆ.

ಕವರ್ ಅಳತೆ ಬ್ಯಾಗು ಪೂರ್ತಿ ತುಂಬಿದಾಗ ನೋಡಬೇಕು, ಪಕ್ಕದ ಬಾಟಲಿ ಸಮೇತ. ತೀರಾ ದೊಡ್ಡದಾದರೆ ಗಾಳಿ ತುಂಬಿಕೊಳ್ಳುತ್ತದೆ. ನಮ್ಮ ಕಡೆ ಮಳೆ ಬಹಳ ಸಲ ಗಾಳಿ ಮುಂದಿಟ್ಟುಕೊಂಡೇ ಬರುತ್ತದೆ. ಬಂಡೆಯ ನೆತ್ತಿಯಲ್ಲಿ ಬರೀ ಎಲಾಸ್ಟಿಕ್ ಇರುವ ಕವರ್ ಹಾರಿಹೋದದ್ದನ್ನು ನಾನೇ ನೋಡಿದ್ದೇನೆ. ಎಲಾಸ್ಟಿಕ್ ಜೊತೆಗೆ ಬಿಗಿಯುವ ದಾರ ಮತ್ತು ಬ್ಯಾಗಿಗೆ ಕಟ್ಟುವ ಒಂದು ಪಟ್ಟಿ ಅಥವಾ ಕೊಕ್ಕೆ ಇರಲೇಬೇಕು.

ಕೊಂಡ ದಿನವೇ ಮನೆಯಲ್ಲಿ ಪರೀಕ್ಷೆ ಮಾಡಿ. ಬ್ಯಾಗಿನೊಳಗೆ ಹಳೇ ಪೇಪರ್ ತುಂಬಿ, ಕವರ್ ಹಾಕಿ, ಬಚ್ಚಲಲ್ಲಿ ಷವರ್ ಕೆಳಗೆ ಹತ್ತು ನಿಮಿಷ ಇಡಿ. ಹೊರಬದಿಗೆ ಮಾತ್ರ ನೀರು ಬೀಳಲಿ. ಪೇಪರ್ ಎಲ್ಲಿ ನೆನೆದಿದೆ ನೋಡಿ. ಗೀಟಿನ ಹಾಗೆ ನೆನೆದಿದ್ದರೆ ಕವರಿನ ಹೊಲಿಗೆಯಿಂದ ಬಂದಿದೆ. ಹೊಲಿಗೆಯ ಒಳಬದಿಗೆ ಟೇಪು ಇರಲಿಕ್ಕಿಲ್ಲ. ಎಲ್ಲ ಕಡೆ ಸಮನಾಗಿ ತೇವ ಇದ್ದರೆ ಬಟ್ಟೆಯ ಲೇಪವೇ ಹೋಗಿದೆ. ಕವರಿನ ಒಳಗೆ ಬೆರಳು ಉಜ್ಜಿದಾಗ ಸಿಪ್ಪೆ ಏಳುತ್ತಿದ್ದರೆ ಅದರ ಆಯಸ್ಸು ಮುಗಿಯಿತು.

ಮೈಗೆ ಪಾಂಚೋ ಒಳ್ಳೆಯದಾ, ಜಾಕೆಟ್ಟಾ?

ಪಾಂಚೋ ಅಂದರೆ ತಲೆಯಿಂದ ತೂರಿಸಿ ಇಳಿಬಿಡುವ ಅಗಲದ ಮಳೆ ಹೊದಿಕೆ. ಮೆಟ್ಟಿಲಿನ ದಾರಿಗೆ ಅದು ಚೆನ್ನ. ಬ್ಯಾಗನ್ನೂ ಬೆನ್ನಿನ ಬದಿಯಿಂದ ಮುಚ್ಚುತ್ತದೆ, ಗಾಳಿಯೂ ಆಡುತ್ತದೆ. ಬಂಡೆ ಇಳಿಯುವ ದಾರಿಗೆ ಬೇಡ. ಗಾಳಿಗೆ ಮುಂದಿನ ಅಂಚು ಎದ್ದು ನಿಮ್ಮ ಕಾಲು ಎಲ್ಲಿಡುತ್ತಿದ್ದೀರಿ ಅಂತಲೇ ಕಾಣುವುದಿಲ್ಲ. ಅಲ್ಲಿಗೆ ಸೊಂಟದ ತನಕದ ಜಾಕೆಟ್ಟೇ ಸರಿ. ಗುಡುಗು ಕೇಳಿದರೆ ಯಾವುದನ್ನು ಹಾಕಿಕೊಳ್ಳುವುದು ಅಂತ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೊದಲು ನೆತ್ತಿಯಿಂದ ಇಳಿಯಿರಿ. ಒಂಟಿ ಮರದ ಕೆಳಗೂ ನಿಲ್ಲಬೇಡಿ.

ಎಲ್ಲ ಒಟ್ಟಿಗೆ ಕೊಳ್ಳಲು ದುಡ್ಡಿಲ್ಲ. ಯಾವುದು ಮೊದಲು?

ಶೂ. ಕೈಯಲ್ಲಿ ಐದು ಸಾವಿರ ಇದ್ದರೆ ಮೂರರಿಂದ ಮೂರೂವರೆ ಸಾವಿರ ಶೂಗೆ ಇಡಿ. ಬ್ಯಾಗು ಆಮೇಲೆ. ಕವರಿಗೆ ಕೊನೆ ಜಾಗ, ಯಾಕೆಂದರೆ ಒಳಗಿನ ಪ್ಲಾಸ್ಟಿಕ್ ಚೀಲ ಇಪ್ಪತ್ತು ರೂಪಾಯಿಗೇ ಅದರ ಮುಖ್ಯ ಕೆಲಸ ಮಾಡುತ್ತದೆ. ಬೇರೆಯವರ ಬ್ಯಾಗು ಎರವಲು ಪಡೆಯಬಹುದು, ಶೂ ಬೇಡ. ಒಬ್ಬರ ಕಾಲಿಗೆ ಒಗ್ಗಿದ ಇನ್‌ಸೋಲ್ ಇನ್ನೊಬ್ಬರಿಗೆ ಬೊಬ್ಬೆ ಎಬ್ಬಿಸುತ್ತದೆ.

ಸಂಡೂರಿನಿಂದ ಕೆಸರು ಮೆತ್ತಿಕೊಂಡು ಬಂದಿದ್ದೇನೆ. ಶೂ ಬಿಸಿಲಿಗೆ ಇಟ್ಟರೆ ಆಯ್ತಾ?

ನಮ್ಮ ಬಿಸಿಲಿಗೆ ಬೇಡ. ಮಹಡಿಯ ಕಾದ ಸಿಮೆಂಟಿನ ಮೇಲಿಟ್ಟರೆ ಅಂಟು ಸಡಿಲ ಆಗುತ್ತದೆ, ರಬ್ಬರ್ ಗಟ್ಟಿ ಆಗುತ್ತದೆ. ಕೆಸರು ಪೂರ್ತಿ ಒಣಗುವ ಮೊದಲು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಣ್ಣೀರು ಹಾಕಿ ಉಜ್ಜಿ, ಹಲ್ಲಿನ ಸಂದೆಲ್ಲ ಬಿಡಿಸಿ. ಇನ್‌ಸೋಲ್ ಮತ್ತು ಲೇಸು ಹೊರಗೆ ತೆಗೆಯಿರಿ. ಒಳಗೆ ಪೇಪರ್ ಉಂಡೆ ತುರುಕಿ ನೆರಳಿನಲ್ಲಿ, ಫ್ಯಾನ್ ಗಾಳಿಗೆ ಇಡಿ. ಎರಡು ಗಂಟೆಗೆ ಪೇಪರ್ ಬದಲಿಸಿ. ಮಳೆ ಕವರನ್ನು ಅದರ ಪುಟ್ಟ ಚೀಲಕ್ಕೆ ಒದ್ದೆಯಾಗಿ ತುರುಕಬೇಡಿ, ಲೇಪ ಅಂಟಿಕೊಂಡು ಸಿಪ್ಪೆ ಏಳುತ್ತದೆ. ಸೋಮವಾರ ರಾತ್ರಿ ಮುಟ್ಟಿ ನೋಡಿ, ಶೂನ ಮೂಗಿನ ಒಳಗೆ ಬೆರಳಿಗೆ ತಣ್ಣಗೆ ಹತ್ತಿದರೆ ಇನ್ನೂ ಒಂದು ದಿನ ಹೊರಗೇ ಇರಲಿ.